3,500 ಅಂದವರು 5,800 ತಗೊಂಡರು: ಹುಬ್ಬಳ್ಳಿಯ ಒಂದು ಪಾರ್ಲರ್‌ಗೆ ಬಂದ ಒಂದು ಸ್ಟಾರ್ ರಿವ್ಯೂ

ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ವೈನಿ ಫೋನ್ ಮಾಡಿದರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅವರದೊಂದು ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಫೇಶಿಯಲ್ ಬೆಡ್, ಕೆಲಸಕ್ಕೆ ಕುಂದಗೋಳ ಕಡೆಯ ಒಬ್ಬ ಹುಡುಗಿ. ನಾನು ಧಾರವಾಡದಲ್ಲಿ ಬ್ಯೂಟಿಷಿಯನ್ ಕೆಲಸ ಕಲಿಸುತ್ತೇನೆ. ಹಾಗಾಗಿ ಕೂದಲಿನ ಯಾವ ತಕರಾರು ಬಂದರೂ ಮೊದಲ ಫೋನ್ ನನಗೇ ಬರುತ್ತದೆ.

"ಗೂಗಲ್‌ನ್ಯಾಗ ಏನ್ ಬರದಾಳ ನೋಡ. ಇಷ್ಟ ವರ್ಷ ಮಾಡಿದ್ದೆಲ್ಲಾ ಒಂದ ರಾತ್ರಿಗೆ ಹೋತು" ಅಂದರು. ದನಿ ನಡುಗುತ್ತಿತ್ತು.

ರಿವ್ಯೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡದಲ್ಲಿತ್ತು. ಕನ್ನಡ ಅಕ್ಷರದಲ್ಲಿ ಬರೆದರೆ ಹೀಗೆ: "ಹೇರ್ ಸ್ಮೂತನಿಂಗ್ ಮಾಡಿಸಿದೆ. ಫೋನಿನಲ್ಲಿ 3,500 ಅಂದರು, ಮುಗಿದ ಮೇಲೆ 5,800 ತಗೊಂಡರು. ಹಗಲು ಸುಲಿಗೆ. ತಮ್ಮನ ನಿಶ್ಚಯಕ್ಕೆ ಅಂತ ಮಾಡಿಸಿದ್ದು, ತಲೆ ತೊಳೆದ ಮೇಲೆ ಕೂದಲು ಹುಲ್ಲಿನ ಹಾಗೆ ನಿಂತಿದೆ. ಹಚ್ಚುವ ಹುಡುಗಿಗೆ ಏನೂ ಬರೋದಿಲ್ಲ. ಯಾರೂ ಹೋಗಬೇಡಿ." ಕೆಳಗೆ ಒಂದು ಫೋಟೊ, ಒಂದು ಸ್ಟಾರ್.

ವೈನಿ ಆಗಲೇ ಉತ್ತರ ಬರೆದಿಟ್ಟಿದ್ದರು. ಕಳಿಸುವ ಮೊದಲು ನನಗೆ ತೋರಿಸಿದ್ದು ಒಳ್ಳೇದಾಯ್ತು. ಅದರಲ್ಲಿ ಹೀಗಿತ್ತು: "ಮೇಡಂ, ನಾನು ಹೇಳಿದ ಶಾಂಪೂ ನೀವು ತಗೊಂಡಿಲ್ಲ. ನಿಮ್ಮ ಕೂದಲು ಬರುವಾಗಲೇ ಹಾಳಾಗಿತ್ತು. ದರದ ಪಟ್ಟಿ ಗೋಡೆಯ ಮೇಲಿದೆ, ಓದಲು ಬರುತ್ತದೆ ಅಂದುಕೊಂಡಿದ್ದೆ. ಇಲ್ಲಿಯವರೆಗೆ ಒಬ್ಬರೂ ಹೀಗೆ ಹೇಳಿಲ್ಲ."

ಇದರಲ್ಲಿ ಸುಳ್ಳು ಏನೂ ಇರಲಿಲ್ಲ. ಆದರೂ ಬೇಡ ಅಂದೆ. ಬರೆದ ಹೆಣ್ಣುಮಗಳಿಗೆ ಸಿಟ್ಟು ಇನ್ನೂ ಏರುತ್ತದೆ, ಅದೊಂದು. ಅದಕ್ಕಿಂತ ದೊಡ್ಡದು, ಇದನ್ನು ಓದುವ ಉಳಿದವರ ಕಥೆ. ಕೂದಲು ಉದುರುತ್ತದೆ, ಹೊಟ್ಟಿದೆ, ಮುಖದ ಮೇಲೆ ಕೂದಲಿದೆ ಅಂತ ಹೆಣ್ಣುಮಕ್ಕಳು ಪಾರ್ಲರ್ ಒಳಗೆ ಹೇಳಿಕೊಳ್ಳುವುದು ಅಲ್ಲಿಗೇ ಉಳಿಯುತ್ತದೆ ಅನ್ನೋ ನಂಬಿಕೆಯ ಮೇಲೆ. "ನಿಮ್ಮ ಕೂದಲು ಮೊದಲೇ ಹಾಳಾಗಿತ್ತು" ಅಂತ ಹತ್ತು ಜನರ ಮುಂದೆ ಬರೆದರೆ, ಓದಿದವರು "ನಾಳೆ ನನ್ನ ಬಗ್ಗೆನೂ ಹಿಂಗೇ ಬರೀತಾರೆ" ಅಂದುಕೊಳ್ಳುತ್ತಾರೆ. ಗಿರಾಕಿಯ ಮೈ ಬಗ್ಗೆ, ಕೂದಲಿನ ಬಗ್ಗೆ ಬಹಿರಂಗ ಉತ್ತರದಲ್ಲಿ ಒಂದು ಮಾತೂ ಬರಬಾರದು. ನಾನು ಈ ವಿಷಯದಲ್ಲಿ ಬಹಳ ಗಟ್ಟಿ. ಗಿರಾಕಿ ತಾನೇ ಬರೆದದ್ದನ್ನು, ತಾನೇ ಹಾಕಿದ ಫೋಟೊದಲ್ಲಿ ಕಾಣುವುದನ್ನು ಬಿಟ್ಟು ಮುಂದೆ ಹೋಗಬಾರದು.

ಪಕ್ಕದಲ್ಲಿದ್ದ ಅಣ್ಣ ಎರಡು ಸಲಹೆ ಕೊಟ್ಟ. ಈಗಲೇ ಅವರಿಗೆ ಫೋನ್ ಹಚ್ಚೋದು, ಇಲ್ಲಾಂದ್ರೆ ರಿವ್ಯೂ ಮೇಲೆ ರಿಪೋರ್ಟ್ ಮಾಡಿ ತೆಗೆಸೋದು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಯಾರಿಗಾದರೂ ಹೆದರಿಸಿದ ಹಾಗೆ ಅನಿಸುತ್ತದೆ. ಇನ್ನು ರಿಪೋರ್ಟ್. ಬಂದೇ ಇಲ್ಲದವರು ಬರೆದಿದ್ದರೆ, ಬೈಗುಳವಿದ್ದರೆ, ಎದುರಿನ ಪಾರ್ಲರ್‌ನವರು ಬರೆಸಿದ್ದರೆ, ಯಾರದೋ ಫೋನ್ ನಂಬರ್ ಹಾಕಿದ್ದರೆ ಗೂಗಲ್‌ಗೆ ದೂರು ಕೊಡಬಹುದು. ನಮಗೆ ಬೇಜಾರಾಯಿತು ಅಂತ ತೆಗೆಯುವುದಿಲ್ಲ. ಇವರು ನಿಜವಾಗಿ ಬಂದವರು, ದುಡ್ಡು ಕೊಟ್ಟವರು. "ಹಗಲು ಸುಲಿಗೆ" ಅನ್ನೋದು ಖಾರದ ಮಾತು, ಹೊಲಸು ಮಾತಲ್ಲ. ರಿಪೋರ್ಟ್ ಮಾಡಿ ಕಾಯುತ್ತ ಕೂತರೆ ಆ ರಿವ್ಯೂ ಅಷ್ಟು ದಿನ ಉತ್ತರವಿಲ್ಲದೆ ನಿಂತಿರುತ್ತದೆ.

ವೈನಿ ಅಳುತ್ತಿದ್ದುದರಿಂದ ಅವರ ಮುಂದೆ ಒಂದು ಲೆಕ್ಕ ಹೇಳಿದೆ. ಅಲ್ಲಿಯವರೆಗೆ 40 ರಿವ್ಯೂ ಇದ್ದವು, ಸರಾಸರಿ 4.8. ಅಂದರೆ ಒಟ್ಟು 192 ಸ್ಟಾರ್. ಇದೊಂದು ಸೇರಿದರೆ 41ಕ್ಕೆ 193. ಭಾಗಿಸಿದರೆ 4.7. ಹೆಸರು ಹೋಗಲಿಲ್ಲ, ಒಂದು ಅಂಕಿ ಇಳಿಯಿತು ಅಷ್ಟೇ. "ಇವತ್ತ ಏನೂ ಬರೀಬ್ಯಾಡ್ರಿ ವೈನಿ, ನಾಳೆ ಮುಂಜಾನೆ ಬರ್ತೀನಿ. ಲೆಕ್ಕದ ಬುಕ್ ತಗದಿಡ್ರಿ" ಅಂದೆ.

ಸೋಮವಾರ ಚಿಗರಿ ಬಸ್ ಹತ್ತಿ ವಿದ್ಯಾನಗರದಲ್ಲಿ ಇಳಿದೆ. ಉತ್ತರ ಬರೆಯುವ ಮೊದಲು ಏನಾಗಿತ್ತು ಅನ್ನೋದು ನಮಗೇ ಗೊತ್ತಿರಬೇಕಲ್ವಾ. ರಿವ್ಯೂನಲ್ಲಿ ಮೂರು ದೂರು ಕೂಡಿಕೊಂಡಿದ್ದವು: ದುಡ್ಡು, ಕೂದಲು, ಹುಡುಗಿ. ಸಿಟ್ಟಿನಲ್ಲಿ ಓದಿದಾಗ ಮೂರೂ ಒಂದೇ ಬೈಗುಳದ ಹಾಗೆ ಕಾಣುತ್ತವೆ. ಬೇರೆ ಬೇರೆ ತೆಗೆದಿಟ್ಟು ನೋಡಿದೆವು.

ದುಡ್ಡಿನದು ಹತ್ತು ನಿಮಿಷಕ್ಕೆ ಗೊತ್ತಾಯಿತು. ಮೊದಲ ಸಲ ಫೋನ್ ಬಂದಾಗ ವೈನಿಯೇ ಎತ್ತಿದ್ದರು. "3,500ರಿಂದ ಶುರು ಆಗ್ತದ್ರಿ" ಅಂದಿದ್ದರು. ಹೇಳಿದವರ ಮನಸ್ಸಿನಲ್ಲಿ "ರಿಂದ ಶುರು" ಇತ್ತು, ಕೇಳಿದವರ ಕಿವಿಯಲ್ಲಿ 3,500 ಉಳಿಯಿತು. ಗೋಡೆಯ ಪಟ್ಟಿಯಲ್ಲಿ ಭುಜದವರೆಗಿನ ಕೂದಲಿಗೆ 3,500, ಸೊಂಟದವರೆಗಿನದಕ್ಕೆ 5,800 ಎಂದಿದೆ. ಕನ್ನಡಿಯ ಹಿಂದಿನ ಗೋಡೆ ಅದು. ಕುರ್ಚಿಯ ಮೇಲೆ ಕೂತವರಿಗೆ ಕಾಣುವುದೇ ಇಲ್ಲ, ನಾನು ಕೂತು ನೋಡಿದೆ. ಕ್ರೀಮ್ ಹಚ್ಚುವ ಮೊದಲು ಯಾರೂ ಬಾಯಿಬಿಟ್ಟು 5,800 ಅಂದಿರಲಿಲ್ಲ. ಬಿಲ್ ಕೊಟ್ಟಿರಲಿಲ್ಲ. ಫೋನಿನಲ್ಲಿ ದುಡ್ಡು ಬಂದ ದಾಖಲೆ ಮಾತ್ರ ಇತ್ತು. ಮೂರು ತಾಸು ಕೂತು, ತಲೆ ತುಂಬ ಕ್ರೀಮ್ ಹಚ್ಚಿಸಿಕೊಂಡ ಮೇಲೆ ಆ ದರ ಬೇಡ ಅಂತ ಎದ್ದು ಹೋಗಲು ಯಾರಿಗೂ ಆಗುವುದಿಲ್ಲ. ಇದರಲ್ಲಿ ತಪ್ಪು ಪೂರ್ತಿ ನಮ್ಮ ಕಡೆಯದು.

ಕೂದಲಿನದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ವೈನಿಯ ವಾದ, "ಅಕಿ ಮನ್ಯಾಗಿನ ಶಾಂಪೂ ಹಾಕಿರ್ತಾಳ, ನಾ ಹೇಳಿದ್ದು ತಗೊಂಡಿಲ್ಲ." ಫೋಟೊ ದೊಡ್ಡದು ಮಾಡಿ ನೋಡಿದೆವು. ಮೇಲಿನ ಭಾಗ ನೆಟ್ಟಗೆ, ಹೊಳಪಾಗಿ ಬಿದ್ದಿದೆ. ಕೆಳಗಿನ ಒಂದು ಗೇಣು ಮಾತ್ರ ಉಬ್ಬಿ ನಿಂತಿದೆ, ತುದಿಗಳು ಬಿಳಿಚಿಕೊಂಡಿವೆ. ಶಾಂಪೂ ತಲೆಯಿಂದ ತುದಿಯವರೆಗೂ ಹೋಗುತ್ತದೆ. ಒಂದೇ ಸಲದ ತೊಳೆತಕ್ಕೆ ಮೇಲಿನದು ಬಿಟ್ಟು ಕೆಳಗಿನ ಗೇಣನ್ನು ಮಾತ್ರ ಹೀಗೆ ಮಾಡುವುದಿಲ್ಲ.

ವೈನಿಗೆ ಒಂದು ಒಳ್ಳೆಯ ರೂಢಿ ಇದೆ, ಕೆಲಸದ ಮೊದಲು ಹಿಂದಿನಿಂದ ಕೂದಲಿನ ಫೋಟೊ ತೆಗೆಯುತ್ತಾರೆ. ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆವು. ಅದೇ ಕೆಳಗಿನ ಗೇಣು ಸ್ವಲ್ಪ ತಾಮ್ರದ ಬಣ್ಣಕ್ಕಿತ್ತು. ಯಾವಾಗಲೋ ಬ್ಲೀಚ್ ಹಾಕಿ ತುದಿಗೆ ಕಲರ್ ಮಾಡಿಸಿದ್ದು, ಆಮೇಲೆ ಮೇಲಿನಿಂದ ಕಪ್ಪು ಹಚ್ಚಿ ಮುಚ್ಚಿದ್ದು.

ಸ್ಮೂತನಿಂಗ್ ಕ್ರೀಮ್ ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಆಮೇಲೆ ತೊಳೆದು, ಒಣಗಿಸಿ, ಇಸ್ತ್ರಿ ಎಳೆದು ನೆಟ್ಟಗೆ ಮಾಡಿ, ನ್ಯೂಟ್ರಲೈಸರ್ ಹಚ್ಚಿ ಆ ಬಂಧಗಳನ್ನು ಹೊಸ ಆಕಾರದಲ್ಲಿ ಕೂಡಿಸುತ್ತಾರೆ. ಬ್ಲೀಚ್ ಕಂಡ ಕೂದಲಿನ ಹೊರಗಿನ ಪದರ ಮೊದಲೇ ತೆರೆದುಕೊಂಡಿರುತ್ತದೆ. ಹೊಸ ಕೂದಲು ನಿಧಾನಕ್ಕೆ ಹೀರುವ ಕ್ರೀಮನ್ನು ಅದು ಬಲುಬೇಗ ಹೀರುತ್ತದೆ. ಅಂಥ ತುದಿಗೆ ಕ್ರೀಮ್ ಮುಟ್ಟಿಸಬಾರದು, ಇಲ್ಲವೇ ಮೆದು ಕ್ರೀಮನ್ನು ಕೊನೆಯ ಕೆಲವೇ ನಿಮಿಷ ಹಚ್ಚಬೇಕು. ಅದಕ್ಕೂ ಮೊದಲು ಒಂದು ಸಣ್ಣ ಎಳೆ ತೆಗೆದು ಪರೀಕ್ಷೆ ಮಾಡಬೇಕು. ಹುಡುಗಿ ಬುಡದಿಂದ ತುದಿಯವರೆಗೆ ಒಂದೇ ಕ್ರೀಮನ್ನು ಒಂದೇ ಹೊತ್ತು ಬಿಟ್ಟಿದ್ದಳು. ವೈನಿ ಆಗ ಇನ್ನೊಬ್ಬರ ಫೇಶಿಯಲ್ ಮಾಡುತ್ತಿದ್ದರು.

"ಕಲರ್ ಮಾಡಿಸೀನಿ ಅಂತ ಅಕಿ ಹೇಳಬೇಕಿತ್ತಲ್ಲ?" ಅಂದರು ವೈನಿ.

"ನಾವು ಕೇಳಿದ್ವಿ ಏನ್ರಿ?" ಅಂದೆ.

ಕೇಳಿರಲಿಲ್ಲ. ವರ್ಷದ ಹಿಂದಿನ ಬ್ಲೀಚಿಗೂ ಇವತ್ತಿನ ಕ್ರೀಮಿಗೂ ಸಂಬಂಧ ಇದೆ ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಅದು ಕೆಲಸ ಬಲ್ಲವರು ಕೇಳುವ ಪ್ರಶ್ನೆ.

ಹನ್ನೊಂದಕ್ಕೆ ವೈನಿ ಅವರಿಗೆ ಒಂದು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಬೇಡಿ ಅಂದೆ. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಕಳಿಸಿದರು: ನಾನೇ ಪಾರ್ಲರ್‌ನವಳು, ನಿಮ್ಮ ರಿವ್ಯೂ ಓದಿದೆ, ದರ ಮೊದಲೇ ಹೇಳದ್ದು ನಮ್ಮ ತಪ್ಪು, ಹೆಚ್ಚಾದ 2,300 ರೂಪಾಯಿ ವಾಪಸ್ ಕಳಿಸುತ್ತೇನೆ, ಕೂದಲು ನೋಡಬೇಕು, ನಿಮಗೆ ಅನುಕೂಲವಾದಾಗ ತಿಳಿಸಿ. "ರಿವ್ಯೂ ತೆಗೀರಿ, ದುಡ್ಡ ಕೊಡ್ತೀನಿ ಅಂತ ಹಾಕ್ಲೇನ?" ಅಂತ ವೈನಿ ಕೇಳಿದ್ದರು. ಬೇಡವೇ ಬೇಡ. ದುಡ್ಡು ಕೊಟ್ಟು ರಿವ್ಯೂ ಬದಲಿಸಿಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಆ ಮೆಸೇಜಿನ ಫೋಟೊ ತೆಗೆದು ರಿವ್ಯೂ ಕೆಳಗೆ ಹಾಕಿದರೆ ಮುಗಿಯಿತು. ಅದೂ ಅಲ್ಲದೆ, ತಪ್ಪಾಗಿ ತಗೊಂಡ ದುಡ್ಡಿಗೆ ಷರತ್ತು ಹಾಕುವುದು ಸರಿಯಲ್ಲ.

ಆಮೇಲೆ ಬಹಿರಂಗ ಉತ್ತರಕ್ಕೆ ಕೂತೆವು. ಎರಡನೇ ಕರಡನ್ನು ಅಣ್ಣ ಎಲ್ಲಿಂದಲೋ ತೆಗೆದುಕೊಟ್ಟ. ನಿಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಅಂಥದ್ದು. ಬ್ಯಾಂಕಿನಿಂದ ಬರುವ ಮೆಸೇಜಿನ ಹಾಗಿತ್ತು. ಆ ಸಾಲುಗಳನ್ನು ಯಾವ ಅಂಗಡಿಯ ಯಾವ ದೂರಿಗೂ ಅಂಟಿಸಬಹುದು. ಬರೆದವರಿಗೆ ತಮ್ಮ ಮಾತು ಓದಿಲ್ಲ ಅಂತ ಕೂಡಲೇ ಗೊತ್ತಾಗುತ್ತದೆ.

ಮೂರನೆಯದನ್ನು ವೈನಿ ಹೇಳಿದರು, ನಾನು ಬರೆದೆ. ಆಡುವ ಮಾತಿನಲ್ಲಿ ಎಷ್ಟು ನೀಟಾಗಿ ಹೇಳುತ್ತಿದ್ದರು ಅಂದರೆ ನಾನು ತಿದ್ದಿದ್ದು ಮೂರೇ ಕಡೆ. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಅಂದಿದ್ದರು. ಅಲ್ಲಿ "ಆಗಿದ್ದರೆ" ತೆಗೆದೆ. ಬೇಜಾರಾಗಿದೆ ಅಂತ ಅವರು ಬರೆದೇ ಬರೆದಿದ್ದಾರೆ, ಮತ್ತೆ "ಆಗಿದ್ದರೆ" ಅನ್ನೋದು ಅನುಮಾನಪಟ್ಟ ಹಾಗೆ. "ತಪ್ಪು ನಮ್ಮದು, ಆದರೆ ಪಟ್ಟಿ ಗೋಡೆಯ ಮೇಲಿತ್ತು" ಅಂದರು. "ಆದರೆ" ಬಂದರೆ ಅದರ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಹೀಗಾಗಿ "ಆದರೆ"ಯನ್ನೂ ಅದರ ಮುಂದಿನದನ್ನೂ ತೆಗೆದೆ.

ಮೂರನೆಯ ಕಡೆ ಇಬ್ಬರಿಗೂ ಸ್ವಲ್ಪ ಮಾತಾಯಿತು. "ನಿಮ್ಮ ಕೂದಲು ಮೊದಲಿನ ಹಾಗೆ ಮಾಡಿಕೊಡುತ್ತೇವೆ" ಅಂತ ಬರೆಸಿದ್ದರು. ಮನಸ್ಸಿನಿಂದ ಬಂದ ಮಾತೇ. ಆದರೆ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಗಾಯ ಮಾಯುವ ಹಾಗೆ ಅದು ಮಾಯುವುದಿಲ್ಲ. ಮಾಸ್ಕ್, ಸೀರಮ್, ಪ್ರೊಟೀನ್ ಏನು ಹಾಕಿದರೂ ಕೆಲವು ದಿನ ನುಣುಪಾಗಿ ಕಾಣುತ್ತದೆ, ಸೀಳಿದ ತುದಿ ಕೂಡುವುದಿಲ್ಲ. ಕತ್ತರಿಸಬೇಕು, ಹೊಸದು ಬರಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್, ಒಂದು ಗೇಣು ಮತ್ತೆ ಬರಲು ಒಂದೂವರೆ ವರ್ಷ ಬೇಕು. ಬಹಿರಂಗವಾಗಿ "ಮೊದಲಿನ ಹಾಗೆ" ಅಂತ ಬರೆದು, ಬಂದಾಗ ಕತ್ತರಿ ತೋರಿಸಿದರೆ ಅವರು ಎರಡನೇ ರಿವ್ಯೂ ಬರೆಯುತ್ತಾರೆ, ಅದು ನ್ಯಾಯವೂ ಹೌದು. ವೈನಿ ಒಂದು ನಿಮಿಷ ಸುಮ್ಮನಿದ್ದು ಆ ಸಾಲು ತೆಗೆಸಿದರು.

ಕರಡು ಆದ ಮೇಲೆ ಪಕ್ಕದ ಅಂಗಡಿಯ ಟೇಲರ್ ಅಕ್ಕಾರನ್ನು ಕರೆದು ಓದಿ ತೋರಿಸಿದೆವು. ಜಗಳದಲ್ಲಿ ಇಲ್ಲದ ಒಬ್ಬರ ಕಿವಿಗೆ ಅದು ಬೀಳಬೇಕು ಅನಿಸಿತ್ತು. ಅವರು ಬ್ಲೌಸಿನ ಹುಕ್ಕು ಹಚ್ಚುತ್ತಲೇ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಚಲೋ ಐತ್ರಿ. ಹಂಗಾರ ನಾಳೆ ನಾ ಬಂದ್ರೂ ಎಷ್ಟ ಅಂತ ಮದಲ ಹೇಳೂದಿಲ್ಲೇನ ನೀವು?"

ಅದನ್ನು ನಾವು ಬರೆದೇ ಇರಲಿಲ್ಲ. ಕ್ಷಮೆ ಕೇಳಿದ್ದೆವು, ನಾಳೆಯಿಂದ ಏನು ಬದಲಾಗುತ್ತದೆ ಅಂತ ಹೇಳಿರಲಿಲ್ಲ. ಒಂದು ಸಾಲು ಸೇರಿಸಿದೆವು. ಸಂಜೆ ಐದಕ್ಕೆ ಹಾಕಿದ ಉತ್ತರ ಇದು:

"ನಮಸ್ಕಾರ. ಈ ಪಾರ್ಲರ್ ನಡೆಸುವವಳು ನಾನೇ. ನೀವು ಬರೆದದ್ದನ್ನು ಓದಿ, ಆ ದಿನದ ಲೆಕ್ಕ ನೋಡಿ ಬರೆಯುತ್ತಿದ್ದೇನೆ. ದರದ ವಿಷಯದಲ್ಲಿ ತಪ್ಪು ನಮ್ಮದು. ಫೋನಿನಲ್ಲಿ 3,500ರಿಂದ ಶುರು ಎಂದಷ್ಟೇ ಹೇಳಿದೆ. ಕೂದಲ ಉದ್ದಕ್ಕೆ ಪೂರ್ತಿ ಎಷ್ಟಾಗುತ್ತದೆ ಎಂದು ಕೆಲಸಕ್ಕೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. ಇನ್ನು ಮುಂದೆ ಪೂರ್ತಿ ದರವನ್ನು ಬರೆದು ತೋರಿಸಿ, ನೀವು ಒಪ್ಪಿದ ಮೇಲೇ ಕ್ರೀಮ್ ಹಚ್ಚುತ್ತೇವೆ. ಕೂದಲ ತುದಿ ಒರಟಾಗಿರುವುದನ್ನು ನಿಮ್ಮ ಫೋಟೊದಲ್ಲಿ ನೋಡಿದೆ. ಮನೆಯ ಕಾರ್ಯದ ಹೊತ್ತಿಗೆ ಹೀಗಾದದ್ದು ನನಗೂ ನೋವಾಗಿದೆ. ಕೈಯಲ್ಲಿ ಹಿಡಿದು ನೋಡದೆ ಹೆಚ್ಚು ಹೇಳಲಾರೆ. ನಿಮಗೆ ಅನುಕೂಲವಾದ ದಿನ ಬನ್ನಿ, ನಾನೇ ನೋಡಿ ಏನು ಮಾಡಬಹುದು, ಏನು ಆಗುವುದಿಲ್ಲ ಎಂದು ಹೇಳುತ್ತೇನೆ. ಅದಕ್ಕೆ ದುಡ್ಡಿಲ್ಲ. ಆ ದಿನದ ಕೆಲಸದ ಹೊಣೆ ನನ್ನದು, ನಮ್ಮ ಹುಡುಗಿಯದಲ್ಲ. ನಿಮಗೆ ಇವತ್ತು ಮೆಸೇಜ್ ಕಳಿಸಿದ್ದೇನೆ."

ಇದರಲ್ಲಿ ಬ್ಲೀಚಿನ ಸುದ್ದಿಯೇ ಇಲ್ಲ. ನಮಗೆ ಗೊತ್ತಿತ್ತು, ಫೋಟೊ ಕೂಡ ಇತ್ತು. ಅದನ್ನು ಅವರ ಮುಂದೆ, ಬಾಗಿಲು ಹಾಕಿಕೊಂಡು ಹೇಳುವುದು ಬೇರೆ. 2,300ರ ಮಾತೂ ಇಲ್ಲ. ಅದನ್ನು ಅಲ್ಲಿ ಹಾಕಿದರೆ ನಾವು ದೊಡ್ಡತನ ತೋರಿಸಿದ ಹಾಗೆ ಆಗುತ್ತಿತ್ತು, ಮುಂದೆ ಬರುವವರಿಗೆ ಒಂದು ದಾರಿ ತೋರಿಸಿದ ಹಾಗೂ ಆಗುತ್ತಿತ್ತು. ನಮ್ಮಲ್ಲಿ ಎದುರಿಗೆ ಬಂದವರನ್ನು "ಅಕ್ಕಾರ" ಅಂತ ಕರೆಯುತ್ತೇವೆ, ಅದು ಬಾಯಿಗೆ ಚೆಂದ. ಸಿಟ್ಟಿನಲ್ಲಿ ಇರುವವರಿಗೆ ಬರಹದಲ್ಲಿ ಹಾಗೆ ಕರೆದರೆ ಬೆಣ್ಣೆ ಹಚ್ಚಿದ ಹಾಗೆ ಕಾಣಬಹುದು ಅಂತ "ನೀವು" ಅಷ್ಟೇ ಇಟ್ಟೆವು.

ಹುಡುಗಿಯ ಸಾಲಿನ ಬಗ್ಗೆ ಒಂದು ಮಾತು. ಅವಳು ಆ ರಿವ್ಯೂ ಓದಿದಾಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಆ ಹುಡುಗಿಯನ್ನು ಕೆಲಸದಿಂದ ತೆಗೆದಿದ್ದೇವೆ" ಅಂತ ಕೆಲವರು ಬರೆಯುವುದನ್ನು ನೋಡಿದ್ದೇನೆ, ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಲಿಯುವ ಹುಡುಗಿಯ ಕೈಗೆ ಬಟ್ಟಲು ಕೊಟ್ಟು ಆ ಕಡೆ ಹೋದವರು ಯಾರು? ವೈನಿ ಉತ್ತರವನ್ನು ಅವಳಿಗೂ ಓದಿ ತೋರಿಸಿದರು. ಅವಳು ಏನೂ ಅನ್ನಲಿಲ್ಲ. ಬಟ್ಟಲು, ಬ್ರಷ್ ತೆಗೆದುಕೊಂಡು ತೊಳೆಯಲು ಹೋದಳು.

ಗುರುವಾರ ಮೆಸೇಜಿಗೆ ಉತ್ತರ ಬಂತು: "ಶನಿವಾರ ಬರ್ತೀನಿ." ವೈನಿ ದುಡ್ಡನ್ನು ಆಗಲೇ ಕಳಿಸಿದರು. ಶನಿವಾರ ನಾನೂ ಹೋಗಿದ್ದೆ. ಬಂದವರು ಮುಖ ಬಿಗಿದುಕೊಂಡೇ ಕೂತರು. ವೈನಿ ತುದಿಯ ಒಂದು ಎಳೆಗೆ ನೀರು ಮುಟ್ಟಿಸಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ. ಇದು ರಬ್ಬರಿನ ಹಾಗೆ ಹಿಗ್ಗಿತು, ಹಿಂದಕ್ಕೆ ಬರಲಿಲ್ಲ, ತುಂಡಾಯಿತು. ಮೇಲಿನಿಂದ ಒಂದು ಎಳೆ ತೆಗೆದು ಹಾಗೇ ಎಳೆದು ತೋರಿಸಿದರು, ಅದು ಕುಗ್ಗಿತು. ಎರಡನ್ನೂ ಅವರ ಅಂಗೈಯಲ್ಲಿಟ್ಟರು.

"ಹಿಂದ ಯಾವಾಗರ ತುದೀಗೆ ಬಣ್ಣಾ ಮಾಡಿಸಿದ್ರೇನ್ರಿ?"

"ಹೌದ್ರಿ, ಹ್ವಾದ ವರ್ಷ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ವೈನಿ ಬಿಡಿಸಿ ಹೇಳಿದರು. ಕಡೆಗೆ, "ಅದನ್ನ ನಾವು ಕೇಳಬೇಕಿತ್ರಿ, ಕೇಳಲಿಲ್ಲ" ಅಂದರು. ಬಿಗಿದ ಮುಖ ಆಗ ಸ್ವಲ್ಪ ಸಡಿಲಾಯಿತು. ಪೂರ್ತಿ ಗೇಣು ಕತ್ತರಿಸಲು ಅವರು ಒಪ್ಪಲಿಲ್ಲ, ನಾಲ್ಕು ಬೆರಳಿಗೆ ಒಪ್ಪಿದರು. ಉಳಿದ ತುದಿಗೆ ಇಸ್ತ್ರಿ, ಕಲರ್, ಯಾವ ಕ್ರೀಮೂ ಬೇಡ, ಎರಡು ತಿಂಗಳಿಗೊಮ್ಮೆ ಬಂದು ಸ್ವಲ್ಪ ಸ್ವಲ್ಪ ಕತ್ತರಿಸಿಕೊಳ್ಳಿ ಅಂತ ವೈನಿ ಹೇಳಿದರು. ರಿವ್ಯೂ ಬಗ್ಗೆ ಯಾರೂ ಮಾತೆತ್ತಲಿಲ್ಲ. ಬಾಗಿಲವರೆಗೆ ಹೋದ ವೈನಿಯ ಬಾಯಿಗೆ ಅದು ಬಂದಿತ್ತು, ನನಗೆ ಕಾಣುತ್ತಿತ್ತು, ನುಂಗಿಕೊಂಡರು.

ದರದ ಪಟ್ಟಿ ಈಗ ಕುರ್ಚಿಯ ಎದುರಿಗೆ, ಕನ್ನಡಿಯ ಪಕ್ಕಕ್ಕೆ ಬಂದಿದೆ. ಲೆಕ್ಕದ ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಹುಡುಗಿ ಎರಡು ವಿಷಯ ಬರೆಯುತ್ತಾಳೆ: ಒಪ್ಪಿದ ದರ, ಹಿಂದೆ ಹಚ್ಚಿದ ಬಣ್ಣ ಅಥವಾ ಮೆಹಂದಿ. ಎರಡನ್ನೂ ಬರೆದಾದ ಮೇಲೇ ಬಟ್ಟಲು ಕೈಗೆ ತೆಗೆದುಕೊಳ್ಳುತ್ತಾಳೆ.

ಹತ್ತು ದಿನಗಳಾದ ಮೇಲೆ ಆ ರಿವ್ಯೂ ಮೂರು ಸ್ಟಾರ್ ಆಯಿತು. "ಹಗಲು ಸುಲಿಗೆ", "ಯಾರೂ ಹೋಗಬೇಡಿ" ಹೋಗಿದ್ದವು, ಹುಡುಗಿಯ ಮಾತೂ ಹೋಗಿತ್ತು. ಹೊಸದಾಗಿ ಸೇರಿದ್ದು ಇಷ್ಟು: "ಕರೆದು ಮಾತಾಡಿದರು, ಹೆಚ್ಚಿನ ದುಡ್ಡು ವಾಪಸ್ ಕೊಟ್ಟರು. ಕೂದಲು ಮಾತ್ರ ಕತ್ತರಿಸಬೇಕಾಯಿತು." ಅಣ್ಣ, ಐದು ಸ್ಟಾರ್ ಮಾಡಿ ಅಂತ ಒಂದು ಮೆಸೇಜ್ ಹಾಕು ಅಂದ. ವೈನಿ ಫೋನನ್ನು ಕೌಂಟರಿನ ಮೇಲೆ ಬೋರಲು ಇಟ್ಟು, "ಅಕಿ ಬರದದ್ದು ಖರೇ ಐತಿ, ಇರಲಿ ಬಿಡ್ರಿ" ಅಂದರು.